ಐಗನ್‌ವೆಕ್ಟರ್ ಕೊಟ್ಟಾಗ k ಹುಡುಕುವುದು ಹೇಗೆ?

ಪ್ರಶ್ನೆ: ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. A = [[4, k], [2, 3]], ಐಗನ್‌ವೆಕ್ಟರ್ (3, 2) ಅಂತ ಕೊಟ್ಟು k ಕೇಳಿದ್ದರು. ಡಿಟರ್ಮಿನೆಂಟ್ ಬಿಡಿಸಲು ಹೋಗಿ ಸಿಕ್ಕಿಕೊಂಡೆ. ಹೇಗೆ ಮಾಡಬೇಕು?

ಉತ್ತರ: ಡಿಟರ್ಮಿನೆಂಟ್ ಬೇಡವೇ ಬೇಡ. Av = λv ಬರೆದು, ಮೊದಲು k ಇಲ್ಲದ ಸಾಲನ್ನು ಹಿಡಿಯಿರಿ:

2×3 + 3×2 = 2λ, ಅಂದರೆ λ = 6.

ಈಗ ಮೇಲಿನ ಸಾಲು: 4×3 + 2k = 6×3. ಹಾಗಾಗಿ k = 3. ಇಷ್ಟೇ ಅಲ್ವಾ!

ನನ್ನ ಟ್ಯೂಷನ್ ಹುಡುಗರು ಎಡವುವುದು ಒಂದೇ ಕಡೆ. 12 ಬಂದ ಕೂಡಲೇ ಅದನ್ನೇ λ ಅಂದುಕೊಳ್ಳುತ್ತಾರೆ. ಅದು 2λ. ಆಗ k ಕೂಡ 12 ಆಗಿಬಿಡುತ್ತದೆ.

ತಾಳೆ ನೋಡುವುದು ಸುಲಭ. ಕರ್ಣದ ಮೊತ್ತ 4 + 3 = 7, ಹಾಗಾಗಿ ಇನ್ನೊಂದು ಐಗನ್‌ವ್ಯಾಲ್ಯೂ 1. ಎರಡರ ಗುಣಲಬ್ಧ 6. ಡಿಟರ್ಮಿನೆಂಟ್ 12 − 2k ಕೂಡ 6 ಬರಬೇಕು, ಬರುತ್ತದೆ.

ವೆಕ್ಟರ್ ಇಲ್ಲದೆ ಬರೀ λ ಕೊಟ್ಟಿದ್ದರೆ ಮಾತ್ರ det(A − λI) = 0 ಬಳಸಿ.