ರಾಜೀನಾಮೆ ಕೊಡುವ ದಿನ, ಗ್ರಾಚ್ಯುಟಿ, ಮತ್ತೆ ನಡುವಿನ ಒಂದು ತಿಂಗಳು

ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ: "ಅಡಿಕೆ ವಿಷಯ ಅಲ್ಲ, ಕ್ಷಮಿಸಿ. 2021ರ ಜುಲೈ 12ಕ್ಕೆ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ. ಬರುವ ಮೇ 4ಕ್ಕೆ ರಾಜೀನಾಮೆ, 60 ದಿನ ನೋಟಿಸ್. ಹೊಸ ಕೆಲಸ ಆಗಸ್ಟ್ 17ಕ್ಕೆ. ನಡುವೆ ಊರಿಗೆ ಬಂದು ತೋಟಕ್ಕೆ ಎರಡನೇ ಮದ್ದು ಹೊಡೆಸಬೇಕು. ಬೇಸಿಕ್ 45,000, ಒಟ್ಟು ಸಂಬಳ 90,000, ರಜೆ 36 ದಿನ ಉಳಿದಿದೆ. ಕೈಯಲ್ಲಿ 1 ಲಕ್ಷ ಇದೆ, ತಿಂಗಳ ಖರ್ಚು 58,000. ರಜೆಯನ್ನ ನೋಟಿಸ್‌ಗೆ ಹೊಂದಿಸಿ ಬೇಗ ಬರಬಹುದಾ?"

ತೋಟಕ್ಕೆ ಬರುವ ಮುಂಚೆ ನಾನು ಹದಿನಾಲ್ಕು ವರ್ಷ ಸಂಬಳದ ಲೆಕ್ಕದ ವಿಭಾಗದಲ್ಲಿದ್ದೆ. ಹಾಗಾಗಿ ಮೊದಲು ಒಂದೇ ಮಾತು: ಮೇ 4ಕ್ಕೆ ರಾಜೀನಾಮೆ ಕೊಡಬೇಡಿ.

ಕ್ಯಾಲೆಂಡರ್ ತೆಗೆದು ಎಣಿಸಿ. ಮೇ 4ರಿಂದ 60 ದಿನ ಅಂದ್ರೆ ಜುಲೈ 2, ಗುರುವಾರ. ನಿಮಗೆ ಐದು ವರ್ಷ ತುಂಬುವುದು ಜುಲೈ 11ಕ್ಕೆ. ಒಂಬತ್ತು ದಿನ ಕಡಿಮೆ! ಐದು ವರ್ಷ ತುಂಬಿದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿ 45,000 × 15 ÷ 26 × 5, ಅಂದರೆ 1,29,808 ರೂಪಾಯಿ. ಇದನ್ನ ಒಂಬತ್ತು ದಿನಕ್ಕಾಗಿ ಯಾಕೆ ಬಿಡಬೇಕು? ಎರಡು ವಾರ ತಡೆದು ಮೇ 18ಕ್ಕೆ ಕೊಡಿ. ಆಗ ಕೊನೆಯ ದಿನ ಜುಲೈ 16. ಆಗಸ್ಟ್ 17ಕ್ಕೆ ಮಧ್ಯೆ ಒಂದು ತಿಂಗಳು ಹಾಗೇ ಉಳಿಯುತ್ತದೆ.

ಈ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು "ಈಗ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಬರುತ್ತೆ" ಅಂತ ಬರೆದಿದ್ದಾರೆ. ಅರ್ಧ ಸರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷದ ಮಾತು ಇರುವುದು ನಿಗದಿತ ಅವಧಿಯ ಕರಾರಿನ ಮೇಲೆ ಕೆಲಸ ಮಾಡುವವರಿಗೆ. ಖಾಯಂ ನೌಕರನಿಗೆ ಐದು ವರ್ಷವೇ. ಇನ್ನೊಬ್ಬರು ಹೇಳಿದ, 4 ವರ್ಷ 240 ದಿನ ಆದರೆ ಸಾಕು ಅನ್ನುವ ಲೆಕ್ಕ ಸುಳ್ಳಲ್ಲ, ಮದ್ರಾಸ್ ಹೈಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಆದರೆ ಕಾಯ್ದೆಯಲ್ಲಿ ಬರೆದಿರುವುದು ಐದು ವರ್ಷ ಅಂತ, ಎಷ್ಟೋ ಕಂಪನಿಗಳು ಅದನ್ನೇ ಹಿಡಿದು ಕೂರುತ್ತವೆ. ಕಾರ್ಮಿಕ ಇಲಾಖೆಗೆ ಹೋಗಿ ಗೆಲ್ಲಬಹುದೇನೋ. ನಾನಾಗಿದ್ದರೆ ಎರಡು ವಾರ ಸುಮ್ನೆ ಕಾಯುತ್ತಿದ್ದೆ.

ಈಗ ನಿಮ್ಮ ರಜೆಯ ಪ್ರಶ್ನೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. "ರಜೆಯನ್ನ ನೋಟಿಸ್‌ಗೆ ಹೊಂದಿಸುವುದು" ಅಂದರೆ ಎರಡು ಅರ್ಥ. ಒಂದು, ಕೊನೆಯ ದಿನ ಜುಲೈ 16 ಅಂತಲೇ ಇರುತ್ತದೆ, ನೀವು ಹತ್ತು ದಿನ ರಜೆ ಹಾಕಿ ಊರಲ್ಲಿ ಇರುತ್ತೀರಿ. ರಜೆಯಲ್ಲಿದ್ದರೂ ಸೇವೆ ಮುರಿಯುವುದಿಲ್ಲ, ಐದು ವರ್ಷ ತುಂಬುತ್ತದೆ. ಇನ್ನೊಂದು, ಆ ರಜೆಯನ್ನ ಕಳೆದು ನಿಮ್ಮನ್ನ ಜುಲೈ 6ಕ್ಕೇ ಬಿಡುಗಡೆ ಮಾಡುತ್ತಾರೆ. ಆಗ ಗ್ರಾಚ್ಯುಟಿ ಹೋಯಿತು. ಎಚ್‌ಆರ್ ಎರಡಕ್ಕೂ ಒಂದೇ ಪದ ಬಳಸುತ್ತಾರೆ. ಅದಕ್ಕೆ ಮೇಲ್‌ನಲ್ಲಿ ನೇರವಾಗಿ ಬರೆಯಿರಿ: "ನನ್ನ ಬಿಡುಗಡೆಯ ದಿನ ಜುಲೈ 16. ಜೂನ್ ಕೊನೆಯ ಹತ್ತು ದಿನ ರಜೆ ಬೇಕು." ನೋಟಿಸ್‌ನಲ್ಲಿ ರಜೆ ಕೊಡಲ್ಲ ಅನ್ನುವ ಕಂಪನಿಗಳೂ ಇವೆ, ಆಗ ಮದ್ದು ಹೊಡೆಯಲು ಬೇರೆ ಜನ ನೋಡಿಕೊಳ್ಳಿ.

ಒಂದು ಅಪಾಯ ಮಾತ್ರ ಇದ್ದೇ ಇದೆ. ಕೆಲವು ಮ್ಯಾನೇಜರ್‌ಗಳು ರಾಜೀನಾಮೆ ಕಂಡ ತಕ್ಷಣ "ನಾಳೆಯಿಂದ ಬರಬೇಡಿ" ಅನ್ನುತ್ತಾರೆ. ನಿಮ್ಮವರು ಆ ಜಾತಿಯಾ ಅಂತ ನಿಮಗೇ ಗೊತ್ತು.

ಗುಂಪಿನಲ್ಲೇ ಶಿರಸಿ ಕಡೆಯ ಒಬ್ಬರು "ನೋಟಿಸ್ ದುಡ್ಡು ಕಟ್ಟಿ ಹೊರಟುಬಿಡಿ, ನಾನು ಹಾಗೇ ಮಾಡಿ ತೋಟ ನೋಡಿಕೊಂಡೆ" ಅಂದಿದ್ದಾರೆ. ಅವರು ಕೆಲಸವನ್ನೇ ಬಿಟ್ಟವರು, ನೀವು ಬೇರೆ ಕೆಲಸಕ್ಕೆ ಹೋಗುವವರು. ನಿಮಗೆ ಅದು ಬೇಡ. ನಾನು ಒಮ್ಮೆ ಹಾಗೆ ಕಟ್ಟಿದ್ದೆ. ಆ ಕಂಪನಿ ಬೇಸಿಕ್ ಮೇಲೆ ಅಲ್ಲ, ಒಟ್ಟು ಸಂಬಳದ ಮೇಲೆ ಹಿಡಿಯಿತು, ಮೇಲಿಂದ 18% ಜಿಎಸ್‌ಟಿ ಬೇರೆ. 2022ರ ಆಗಸ್ಟ್ 3ರ ಸುತ್ತೋಲೆ, ಸಂಖ್ಯೆ 178, ನೋಟಿಸ್ ಬಾಬ್ತು ಹಿಡಿಯುವ ಹಣಕ್ಕೆ ಜಿಎಸ್‌ಟಿ ಇಲ್ಲ ಅನ್ನುತ್ತದೆ. ಅದನ್ನ ಕಳಿಸಿದ ಮೇಲೆ ಜಿಎಸ್‌ಟಿ ಭಾಗ ವಾಪಸ್ ಬಂತು, ಉಳಿದದ್ದು ಬರಲಿಲ್ಲ.

ಉಳಿದ ರಜೆಗೆ ಬರುವ ದುಡ್ಡು: 36 ದಿನ ಪೂರ್ತಿ ಉಳಿದರೆ, 30ರಿಂದ ಭಾಗಿಸುವ ಕಂಪನಿಯಲ್ಲಿ 54,000, 26ರಿಂದ ಭಾಗಿಸುವಲ್ಲಿ 62,308. ಹತ್ತು ದಿನ ಬಳಸಿದರೆ ಅಷ್ಟು ಕಳೆಯುತ್ತದೆ. ಕೆಲಸ ಬಿಡುವಾಗ ಸಿಗುವ ಈ ಹಣಕ್ಕೆ ಜೀವಮಾನದಲ್ಲಿ 25 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ. ಹತ್ತು ತಿಂಗಳ ಸರಾಸರಿ ಸಂಬಳದಂಥ ಇನ್ನೂ ಕೆಲವು ಮಿತಿ ಇವೆ, ನಿಮ್ಮ ಮೊತ್ತಕ್ಕೆ ಅವು ತಟ್ಟುವುದಿಲ್ಲ. ಆದರೂ ಎಷ್ಟೋ ಕಡೆ "ನಿವೃತ್ತಿ ಅಲ್ಲವಲ್ಲ" ಅಂತ ಟಿಡಿಎಸ್ ಕತ್ತರಿಸುತ್ತಾರೆ. ಕತ್ತರಿಸಿದರೆ ರಿಟರ್ನ್ ಹಾಕುವಾಗ ವಿನಾಯಿತಿ ಕೇಳಿ.

ಈಗ ನಿಜವಾದ ತಲೆನೋವು. ಈ ಹಣ ಯಾವಾಗ ಬರುತ್ತೆ? ಹೊಸ ವೇತನ ಸಂಹಿತೆ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ, ಸಾಮಾಜಿಕ ಭದ್ರತಾ ಸಂಹಿತೆ ಪ್ರಕಾರ ಗ್ರಾಚ್ಯುಟಿ 30 ದಿನದಲ್ಲಿ ಬರಬೇಕು. ನಾನು ನೋಡಿದ ಕಂಪನಿಗಳಲ್ಲಿ ಲೆಕ್ಕ ಮುಗಿಯುತ್ತಿದ್ದದ್ದು 45 ದಿನಕ್ಕೆ, ಲ್ಯಾಪ್‌ಟಾಪ್ ವಾಪಸ್ ಬಂತಾ, ಯಾರು ಸಹಿ ಹಾಕಿದರು ಅಂತೆಲ್ಲ ನೋಡಿ. ನೋಟಿಸ್ ಅವಧಿಯ ಕೊನೆ ತಿಂಗಳ ಸಂಬಳವನ್ನೂ ತಡೆಹಿಡಿಯುತ್ತಾರೆ. ನಿಯಮ ನಂಬಿ ಬಜೆಟ್ ಹಾಕಬೇಡಿ.

ಕೆಟ್ಟ ಲೆಕ್ಕವನ್ನೇ ಹಾಕೋಣ. ಮೇ 31ರ ಸಂಬಳ ಬರುತ್ತದೆ, ಅದು ಜೂನ್ ಖರ್ಚಿಗೆ. ಜೂನ್ ಸಂಬಳ ತಡೆದರು ಅಂದುಕೊಳ್ಳಿ. ಜುಲೈ 16ರಿಂದ 45 ದಿನ ಅಂದರೆ ಆಗಸ್ಟ್ 30. ಹೊಸ ಕಡೆ 17ಕ್ಕೆ ಸೇರಿದರೆ, ಬ್ಯಾಂಕ್ ದಾಖಲೆ ತಡವಾದರೆ ಆಗಸ್ಟ್ ಅರ್ಧ ಸಂಬಳ ಸೆಪ್ಟೆಂಬರ್ 30ಕ್ಕೆ ಸೇರಿ ಬರುತ್ತದೆ. ಹಾಗಾದರೆ ಜುಲೈ, ಆಗಸ್ಟ್ ಖಂಡಿತ ನಿಮ್ಮ ಕೈಯಿಂದ, ಹಳೆಯವರು ಇನ್ನೂ ಎಳೆದರೆ ಸೆಪ್ಟೆಂಬರ್ ಕೂಡ. ಮೂರು ತಿಂಗಳಿಗೆ 58,000ದಂತೆ 1,74,000. ನಿಮ್ಮಲ್ಲಿ 1 ಲಕ್ಷ ಇದೆ. ಮದ್ದಿನ ಕೂಲಿ ಬೇರೆ.

ಕಡಿಮೆ ಬೀಳುವ 74,000ಕ್ಕೆ ಪಿಎಫ್ ತೆಗೆಯಬೇಡಿ, ಅದನ್ನ ಹೊಸ ಕಂಪನಿಗೆ ವರ್ಗಾಯಿಸಿ. ಈ ತಿಂಗಳಿಂದ ಎಸ್‌ಐಪಿ ನಿಲ್ಲಿಸಿ, ಮೇ ಸಂಬಳದಲ್ಲಿ ಉಳಿದದ್ದನ್ನ ಮುಟ್ಟದೆ ಬದಿಗಿಡಿ. ಮನೆಯಲ್ಲಿ ಅಡಿಕೆ ಉಳಿದಿದ್ದರೆ ಅಪ್ಪನ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಗ್ರಾಚ್ಯುಟಿಯನ್ನ ಈ ಲೆಕ್ಕದಲ್ಲಿ ಸೇರಿಸಲೇಬೇಡಿ, ಬಂದಾಗ ಬರಲಿ.

ಇನ್ನೊಂದು, ಅಪ್ಪ ಅಮ್ಮ ಕಂಪನಿ ವಿಮೆಯಲ್ಲಿದ್ದರೆ ಅದು ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಿಗುವುದಿಲ್ಲ, ಹಳೆ ಕಾಯಿಲೆಗೆ ಇನ್ನೂ ಹೆಚ್ಚು ಕಾಯಬೇಕು. ಜೂನ್ ಮೊದಲ ವಾರದಲ್ಲೇ ಮಾಡಿಸಿದರೆ ಜುಲೈ 16ರ ಹೊತ್ತಿಗೆ ಆ ಮೂವತ್ತು ದಿನ ಕಳೆದಿರುತ್ತದೆ.

ನೇಮಕಾತಿ ಪತ್ರದ ನೋಟಿಸ್ ಪ್ಯಾರಾದ ಫೋಟೋ ಹಾಕಿ, ಕಂಪನಿ ಹೆಸರು ಮುಚ್ಚಿ. ಮೇ 18ಕ್ಕೆ ಮುಂಚೆ ಹಾಕಿದರೆ ಒಳ್ಳೇದು, ಆಮೇಲೆ ನಾನು ಮದ್ದು ಹೊಡೆಸುವುದರಲ್ಲಿ ಇರ್ತೀನಿ.