ಕೀಮೋ ನಡುವೆ ಜ್ವರ ಬಂದರೆ ಬೆಳಗಿನವರೆಗೆ ಕಾಯಬಹುದೇ?

"ಅಮ್ಮನಿಗೆ ಕೀಮೋ ಆಗಿ ಹತ್ತು ದಿನ. ರಾತ್ರಿ 101 ಡಿಗ್ರಿ ಜ್ವರ, ಬೇರೇನೂ ತೊಂದರೆಯಿಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ಹೋದರೆ ಸಾಲದೇ?"

ಸಾಲದು. ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ಕೀಮೋ ಆದ 7ರಿಂದ 14 ದಿನಗಳ ನಡುವೆ ಸಾಮಾನ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತೀರಾ ಕುಸಿದಿರುತ್ತವೆ. ಸೋಂಕಾದ ಜಾಗದಲ್ಲಿ ಕೀವು ಕಟ್ಟುವುದು ಹೆಚ್ಚಾಗಿ ಈ ಕಣಗಳಿಂದಲೇ. ಅವೇ ಇಲ್ಲದಾಗ, ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿದ್ದರೂ ಹೊರಗೆ ಕಾಣುವ ಗುರುತು ಜ್ವರವೊಂದೇ ಇರಬಹುದು. ಕೆಲವೇ ಗಂಟೆಗಳಲ್ಲಿ ಬಿಪಿ ಬಿದ್ದುಹೋಗಬಹುದು. ಮಾತ್ರೆ ಆ ಒಂದು ಗುರುತನ್ನೂ ಅಳಿಸುತ್ತದೆ, ಸೋಂಕನ್ನು ಮುಟ್ಟುವುದಿಲ್ಲ.

ಹೋದ ಕೂಡಲೇ "ಕೀಮೋ ಆಗಿ ಹತ್ತು ದಿನ, ಈಗ ಜ್ವರ" ಎಂದೇ ಹೇಳಿ. ರಕ್ತ ತೆಗೆದುಕೊಂಡು, ವರದಿಗೆ ಕಾಯದೆ, ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಶುರು ಮಾಡಬೇಕು.