ಎರಡು ದಿನಾಂಕಗಳ ನಡುವಿನ ಭಾನುವಾರಗಳ ಲೆಕ್ಕ

ಪ್ರಶ್ನೆ: ಎಕ್ಸೆಲ್‌ನಲ್ಲಿ ಎರಡು ದಿನಾಂಕಗಳ ನಡುವೆ ಎಷ್ಟು ಭಾನುವಾರಗಳಿವೆ ಎಂದು ಕಂಡುಹಿಡಿಯುವುದು ಹೇಗೆ?

ಉತ್ತರ: A1ರಲ್ಲಿ ಆರಂಭದ ದಿನಾಂಕ, B1ರಲ್ಲಿ ಕೊನೆಯ ದಿನಾಂಕ ಹಾಕಿ ಈ ಸೂತ್ರ ಬರೆಯಿರಿ:

```
=NETWORKDAYS.INTL(A1,B1,"1111110")
```

ಉದ್ಧರಣ ಚಿಹ್ನೆಯೊಳಗಿನ ಏಳು ಅಂಕಿಗಳು ಸೋಮವಾರದಿಂದ ಭಾನುವಾರದವರೆಗಿನ ದಿನಗಳು. 1 ಇದ್ದರೆ ರಜೆ, ಅದನ್ನು ಎಣಿಸುವುದಿಲ್ಲ. 0 ಇದ್ದರೆ ಎಣಿಸುತ್ತದೆ. ಹಾಗಾಗಿ ಗುರುವಾರ ಬೇಕಾದರೆ "1110111".

ಎರಡೂ ತುದಿಯ ದಿನಗಳು ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ಮರೆಯಬೇಡಿ. 2025ರ ಜೂನ್ 1 ಭಾನುವಾರ, ಆಗಸ್ಟ್ 31 ಕೂಡ ಭಾನುವಾರ. ಇವುಗಳ ವ್ಯತ್ಯಾಸ 91 ದಿನ. ಅದನ್ನು 7ರಿಂದ ಭಾಗಿಸಿದರೆ 13 ಬರುತ್ತದೆ, ನಿಜವಾದ ಉತ್ತರ 14. ಸೂತ್ರ ಕೊಡುವುದೂ 14.

#VALUE! ಬಂದರೆ ದಿನಾಂಕವನ್ನೇ ನೋಡಿ. ತಿಂಗಳನ್ನು ಮೊದಲು ಓದುವ ಕಂಪ್ಯೂಟರಿನಲ್ಲಿ 31/08/2025 ಬರೀ ಪಠ್ಯವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. 01/06/2025 ಮಾತ್ರ ಸದ್ದಿಲ್ಲದೆ ಜನವರಿ 6 ಆಗಿಬಿಡುತ್ತದೆ. ಇದು ಇನ್ನೂ ಅಪಾಯ. =DATE(2025,6,1) ಎಂದು ಬರೆದರೆ ಈ ಗೊಂದಲವಿಲ್ಲ.